ವೆಚ್ಚ ಕೇಂದ್ರ, ವೆಚ್ಚ ಘಟಕ, ವೆಚ್ಚ ಚಾಲಕ: ಬೇಕರಿಯೊಂದರ ಲೆಕ್ಕದಲ್ಲಿ ಮೂರರ ವ್ಯತ್ಯಾಸ

ಬಡಾವಣೆಯ ಒಂದು ಸಣ್ಣ ಬೇಕರಿಯಲ್ಲಿ ಎರಡೇ ಬಗೆಯ ಸರಕು ತಯಾರಾಗುತ್ತದೆ ಎಂದು ಇಟ್ಟುಕೊಳ್ಳೋಣ. ಒಂದು, ದಿನವೂ ಕೌಂಟರಿನಲ್ಲಿ ಮಾರಾಟವಾಗುವ ಬ್ರೆಡ್. ಇನ್ನೊಂದು, ಗ್ರಾಹಕರು ಮುಂಗಡವಾಗಿ ಹೇಳಿ ಮಾಡಿಸಿಕೊಳ್ಳುವ ಕೇಕ್. ಇಂಥ ಬೇಕರಿಗಳಲ್ಲಿ ಬೆಲೆ ನಿಗದಿ ಮಾಡಲು ಬಳಕೆಯಲ್ಲಿರುವ ಒಂದು ಸುಲಭ ಸೂತ್ರವೆಂದರೆ, ಸಾಮಗ್ರಿಗೆ ತಗಲಿದ ಖರ್ಚನ್ನು ಎರಡರಷ್ಟು ಮಾಡಿ ಅದನ್ನೇ ತಯಾರಿಕೆಯ ವೆಚ್ಚವೆಂದು ಹಿಡಿದು, ಅದರ ಮೇಲೆ ಲಾಭ ಸೇರಿಸುವುದು. ತಿಂಗಳ ಒಟ್ಟು ಲೆಕ್ಕಕ್ಕೆ ಈ ಸೂತ್ರ ಹೊಂದಿಕೊಂಡರೂ ಹೊಂದಿಕೊಳ್ಳಬಹುದು. ಆದರೆ ಒಂದು ಬ್ರೆಡ್‌ಗೆ ಎಷ್ಟು, ಒಂದು ಕೇಕ್‌ಗೆ ಎಷ್ಟು ಎಂದು ಬಿಡಿಸಿ ನೋಡಿದಾಗ ಅದು ಹೇಗೆ ದಾರಿ ತಪ್ಪಿಸುತ್ತದೆ ಎಂಬುದು ವೆಚ್ಚ ಕೇಂದ್ರ, ವೆಚ್ಚ ಘಟಕ, ವೆಚ್ಚ ಚಾಲಕ ಎಂಬ ಮೂರು ಪರಿಕಲ್ಪನೆಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಂಡಾಗ ಮಾತ್ರ ಕಾಣುತ್ತದೆ. ಕಾಸ್ಟ್ ಸೆಂಟರ್, ಕಾಸ್ಟ್ ಯೂನಿಟ್, ಕಾಸ್ಟ್ ಡ್ರೈವರ್ ಎಂದು ವಾಣಿಜ್ಯ ವಿದ್ಯಾರ್ಥಿಗಳು ಕಲಿಯುವುದು ಇವನ್ನೇ.

ಮೂರೂ ಮೂರು ಬೇರೆ ಪ್ರಶ್ನೆಗಳಿಗೆ ಉತ್ತರ. ಖರ್ಚು ಎಲ್ಲಿ ಸೇರುತ್ತದೆ ಎಂಬುದಕ್ಕೆ ಉತ್ತರ ವೆಚ್ಚ ಕೇಂದ್ರ. ಆ ಖರ್ಚನ್ನು ಕೊನೆಗೆ ಯಾವುದರ ತಲೆಯ ಮೇಲೆ ಹೊರಿಸಬೇಕು ಎಂಬುದಕ್ಕೆ ಉತ್ತರ ವೆಚ್ಚ ಘಟಕ. ಖರ್ಚು ಏರುವುದಕ್ಕೂ ಇಳಿಯುವುದಕ್ಕೂ ಕಾರಣವೇನು ಎಂಬುದಕ್ಕೆ ಉತ್ತರ ವೆಚ್ಚ ಚಾಲಕ. ಬೇಕರಿಯ ಓವನ್ ಒಂದು ವೆಚ್ಚ ಕೇಂದ್ರ. ಅದರೊಳಗೆ ಬೇಯುವ ಒಂದು ಬ್ರೆಡ್ ವೆಚ್ಚ ಘಟಕ. ಆ ಬ್ರೆಡ್‌ಗಾಗಿ ಓವನ್ ಕೆಲಸ ಮಾಡಿದ ಸಮಯ ವೆಚ್ಚ ಚಾಲಕ. ಕೇಂದ್ರದಲ್ಲಿ ಸೇರಿದ ಹಣ ಘಟಕವನ್ನು ಮುಟ್ಟಬೇಕಾದರೆ ಚಾಲಕದ ಮೂಲಕವೇ ಹೋಗಬೇಕು. ಈ ಒಂದು ವಾಕ್ಯವನ್ನು ಹಿಡಿದುಕೊಂಡರೆ ಮುಂದಿನ ಲೆಕ್ಕವೆಲ್ಲ ಅದರ ವಿಸ್ತರಣೆಯಷ್ಟೇ.

ಲೆಕ್ಕ ಸುಲಭವಾಗಲೆಂದು ಕೆಳಗಿನ ಅಂಕೆಗಳನ್ನು ಊಹಿಸಿಕೊಳ್ಳಲಾಗಿದೆ. ಮೊತ್ತಗಳ ಮುಂದೆ ಯಾವ ನಾಣ್ಯದ ಹೆಸರನ್ನೂ ಬರೆದಿಲ್ಲ. ಯಾವ ನಾಣ್ಯದಲ್ಲಿ ಓದಿಕೊಂಡರೂ ಅನುಪಾತ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ವೆಚ್ಚ ಕೇಂದ್ರಗಳನ್ನು ಗುರುತಿಸುವುದು

ಬೇಕರಿಯ ಒಳಗೆ ಒಮ್ಮೆ ಸುತ್ತು ಹಾಕಿ, ಕೆಲಸ ಯಾವ ಯಾವ ಜಾಗದಲ್ಲಿ ನಡೆಯುತ್ತದೆ ಎಂದು ಬರೆದುಕೊಳ್ಳಬೇಕು. ನಮ್ಮ ಬೇಕರಿಯಲ್ಲಿ ನಾಲ್ಕು ಜಾಗಗಳಿವೆ: ಹಿಟ್ಟು ಕಲಸುವ ಜಾಗ, ಓವನ್, ಕೇಕ್ ಅಲಂಕರಿಸುವ ಮೇಜು, ಮತ್ತು ಕೌಂಟರ್. ಈ ನಾಲ್ಕೂ ವೆಚ್ಚ ಕೇಂದ್ರಗಳಾಗಲು ಯೋಗ್ಯವಾಗಿವೆ, ಏಕೆಂದರೆ ಪ್ರತಿಯೊಂದರ ಖರ್ಚನ್ನೂ ಪ್ರತ್ಯೇಕವಾಗಿ ಬರೆದಿಡಬಹುದು ಮತ್ತು ಆ ಖರ್ಚು ಹೆಚ್ಚಾದಾಗ ಯಾರನ್ನು ಕೇಳಬೇಕು ಎಂಬುದು ಗೊತ್ತಿರುತ್ತದೆ. ವೆಚ್ಚ ಕೇಂದ್ರ ಒಂದು ಜಾಗವೇ ಆಗಿರಬೇಕೆಂದಿಲ್ಲ. ಒಂದು ಯಂತ್ರವೂ ಆಗಬಹುದು, ಒಬ್ಬ ವ್ಯಕ್ತಿ ಅಥವಾ ಒಂದು ತಂಡ ಮಾಡುವ ಕೆಲಸವೂ ಆಗಬಹುದು. ಖರ್ಚನ್ನು ಕಲೆಹಾಕಿ ಅದಕ್ಕೆ ಯಾರಾದರೂ ಹೊಣೆ ಹೊರುವಂತಿರಬೇಕು ಎಂಬುದೇ ಮುಖ್ಯ.

ಮೊದಲ ಸಲ ಲೆಕ್ಕ ಮಾಡುವವರು ಇಲ್ಲಿ ಹೆಚ್ಚಾಗಿ ಎಡವುವುದು ಖರ್ಚಿನ ಬಗೆಯನ್ನೇ ಕೇಂದ್ರವೆಂದು ತಿಳಿದಾಗ. ವಿದ್ಯುತ್, ಸಂಬಳ, ಬಾಡಿಗೆ, ರಿಪೇರಿ ಎಂದು ಪಟ್ಟಿ ಮಾಡಿ ಅವನ್ನು ವೆಚ್ಚ ಕೇಂದ್ರಗಳೆಂದು ಕರೆಯುವುದುಂಟು. ಇವು ಯಾವುದಕ್ಕಾಗಿ ಹಣ ಕೊಟ್ಟೆವು ಎಂಬುದನ್ನು ಹೇಳುತ್ತವೆಯೇ ಹೊರತು, ಆ ಹಣ ಎಲ್ಲಿ ಕರಗಿತು ಎಂಬುದನ್ನು ಹೇಳುವುದಿಲ್ಲ. ಒಂದೇ ವಿದ್ಯುತ್ ಬಿಲ್ಲಿನಲ್ಲಿ ಹಿಟ್ಟು ಕಲಸುವ ಯಂತ್ರದ ಪಾಲೂ ಇರುತ್ತದೆ, ಕೌಂಟರಿನ ದೀಪದ ಪಾಲೂ ಇರುತ್ತದೆ. ಹಾಗೆಯೇ ಒಂದು ಸಂಬಳವನ್ನು ಎರಡು ಕೇಂದ್ರಗಳು ಹಂಚಿಕೊಳ್ಳಬಹುದು. ಪರೀಕ್ಷೆ ಸರಳವಾಗಿದೆ: ಬರೆದುಕೊಂಡ ಹೆಸರಿನ ಮುಂದೆ ನಿಂತು ಅಲ್ಲಿ ಕೆಲಸ ನಡೆಯುವುದನ್ನು ನೋಡಲು ಸಾಧ್ಯವಾದರೆ ಅದು ಕೇಂದ್ರ; ಬರಿಯ ಬಿಲ್ ಮಾತ್ರ ಕೈಗೆ ಸಿಕ್ಕಿದರೆ ಅದು ಖರ್ಚಿನ ಬಗೆ.

ಈಗ ಒಂದು ತಿಂಗಳ ಪರೋಕ್ಷ ಖರ್ಚನ್ನು, ಅಂದರೆ ಇಂಥದೇ ಬ್ರೆಡ್ ಅಥವಾ ಕೇಕ್‌ಗೆ ತಗಲಿದ್ದೆಂದು ನೇರವಾಗಿ ಬರೆಯಲಾಗದ ಖರ್ಚನ್ನು, ಈ ನಾಲ್ಕು ಕೇಂದ್ರಗಳಿಗೆ ತುಂಬಿಸೋಣ. ಕೆಲಸಗಾರರ ಸಂಬಳ, ಇಂಧನ, ಯಂತ್ರಗಳ ಸವಕಳಿ, ರಿಪೇರಿ ಎಲ್ಲ ಸೇರಿ ಹಿಟ್ಟು ಕಲಸುವ ಜಾಗಕ್ಕೆ 28,000, ಓವನ್‌ಗೆ 42,000, ಅಲಂಕಾರದ ಮೇಜಿಗೆ 26,000, ಕೌಂಟರಿಗೆ 18,000 ನೇರವಾಗಿ ಸೇರುತ್ತವೆ. ಉಳಿದದ್ದು ಬಾಡಿಗೆ ಮತ್ತು ಶುಚಿತ್ವದ ಖರ್ಚು, ಒಟ್ಟು 24,000. ಇದು ನಾಲ್ಕಕ್ಕೂ ಸೇರಿದ ಖರ್ಚಾದ್ದರಿಂದ ಆಯಾ ಜಾಗದ ವಿಸ್ತೀರ್ಣಕ್ಕೆ ತಕ್ಕಂತೆ ಹಂಚಬೇಕು. ಒಟ್ಟು 600 ಚದರಡಿಯಲ್ಲಿ ಹಿಟ್ಟು ಕಲಸುವ ಜಾಗ 200, ಓವನ್ 150, ಅಲಂಕಾರದ ಮೇಜು 100, ಕೌಂಟರ್ 150 ಚದರಡಿ ಹಿಡಿದಿದ್ದರೆ, ಚದರಡಿಗೆ 40ರಂತೆ ಕ್ರಮವಾಗಿ 8,000, 6,000, 4,000, 6,000 ಅವುಗಳ ಪಾಲಿಗೆ ಬರುತ್ತವೆ. ಹೀಗೆ ನಾಲ್ಕು ಕೇಂದ್ರಗಳ ಅಂತಿಮ ಮೊತ್ತ 36,000, 48,000, 30,000, 24,000 ಆಗುತ್ತದೆ. ಎಲ್ಲವನ್ನೂ ಕೂಡಿದರೆ 1,38,000. ಈ ಕೂಡುವಿಕೆಯನ್ನು ಯಾವಾಗಲೂ ಮಾಡಿ ನೋಡಬೇಕು. ಹಂಚುವ ಮೊದಲಿದ್ದ ಮೊತ್ತಕ್ಕೂ ಹಂಚಿದ ನಂತರದ ಮೊತ್ತಕ್ಕೂ ಒಂದು ಕಾಸಿನ ವ್ಯತ್ಯಾಸ ಬಂದರೂ ಎಲ್ಲೋ ಒಂದು ಖರ್ಚು ಬಿಟ್ಟುಹೋಗಿದೆ, ಇಲ್ಲವೇ ಎರಡು ಕಡೆ ಸೇರಿದೆ ಎಂದರ್ಥ.

ಎರಡನೆಯ ಹೆಜ್ಜೆ: ವೆಚ್ಚ ಘಟಕವನ್ನು ಆರಿಸುವುದು

ಬ್ರೆಡ್‌ನ ಮಟ್ಟಿಗೆ ಇದು ಕಷ್ಟವಲ್ಲ. ಗ್ರಾಹಕರು ಕೊಳ್ಳುವುದು ಒಂದೊಂದು ಬ್ರೆಡ್, ಬೆಲೆ ಇರುವುದೂ ಅದಕ್ಕೇ. ಆದ್ದರಿಂದ ಒಂದು ಬ್ರೆಡ್ಡೇ ಘಟಕ. ಅದು ಬೇಯುವುದು 50ರ ಬ್ಯಾಚಿನಲ್ಲಿ ಎಂಬುದು ನಿಜ. ಬ್ಯಾಚಿನ ವೆಚ್ಚವನ್ನು ಮೊದಲು ಕಂಡುಹಿಡಿದು 50ರಿಂದ ಭಾಗಿಸಿದರೆ ಕೆಲಸ ಮುಗಿಯುತ್ತದೆ.

ಕೇಕ್ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. ಕೇಕನ್ನು ತೂಕದ ಮೇಲೆ ಮಾರುವುದು ರೂಢಿಯಾದ್ದರಿಂದ ಒಂದು ಕಿಲೋ ಕೇಕನ್ನು ಘಟಕವೆಂದು ಹಿಡಿಯಬೇಕೆನ್ನಿಸುವುದು ಸಹಜ. ಆದರೆ ಒಂದು ಆರ್ಡರ್ ಬಂದರೆ ಗ್ರಾಹಕರೊಂದಿಗೆ ಮಾತನಾಡಿ ವಿನ್ಯಾಸ ಗೊತ್ತುಮಾಡಿಕೊಳ್ಳುವುದು, ಮುಂಗಡ ಬರೆದುಕೊಳ್ಳುವುದು, ಮೇಜಿನ ಮೇಲೆ ಕ್ರೀಮಿನ ಕೆಲಸ ಮಾಡುವುದು, ಇವ್ಯಾವುವೂ ತೂಕವನ್ನು ನೋಡಿ ಹೆಚ್ಚು ಕಡಿಮೆಯಾಗುವುದಿಲ್ಲ. ಎರಡು ಕಿಲೋ ತೂಗುವ ಸಾದಾ ಕೇಕಿಗಿಂತ ಒಂದು ಕಿಲೋ ತೂಗುವ, ಹೂಬಳ್ಳಿಗಳಿಂದ ಅಲಂಕರಿಸಿದ ಕೇಕ್ ಹೆಚ್ಚು ದುಡಿಮೆ ಬೇಡುತ್ತದೆ. ಆದ್ದರಿಂದ ಇಲ್ಲಿ ಒಂದು ಆರ್ಡರನ್ನೇ ಘಟಕವಾಗಿ ಹಿಡಿಯುವುದು ಸರಿ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ತೊಡಕಾಗದಿರಲೆಂದು ನಮ್ಮ ಉದಾಹರಣೆಯಲ್ಲಿ ಪ್ರತಿ ಆರ್ಡರೂ ಒಂದು ಕಿಲೋದ ಒಂದೇ ಕೇಕ್ ಎಂದೂ, ಅವುಗಳಲ್ಲಿ ಸಾದಾ ಕೇಕ್ ಮತ್ತು ವಿಶೇಷ ಅಲಂಕಾರದ ಕೇಕ್ ಎಂಬ ಎರಡು ಬಗೆಗಳಿವೆಯೆಂದೂ ಹಿಡಿಯೋಣ.

ತಿಂಗಳಿಗೆ 6,000 ಬ್ರೆಡ್, 80 ಸಾದಾ ಕೇಕ್, 40 ವಿಶೇಷ ಕೇಕ್ ತಯಾರಾಗುತ್ತವೆ. ಮೈದಾ, ಸಕ್ಕರೆ, ಯೀಸ್ಟ್, ಬೆಣ್ಣೆ, ಮೊಟ್ಟೆ ಮುಂತಾದ ಸಾಮಗ್ರಿಗೆ ಒಂದು ಬ್ರೆಡ್‌ಗೆ 15, ಒಂದು ಕೇಕ್‌ಗೆ 400 ತಗಲುತ್ತದೆ. ಸಾಮಗ್ರಿಯ ಖರ್ಚು ಯಾವ ಕೇಂದ್ರದ ಮೂಲಕವೂ ಹಾದುಹೋಗಬೇಕಾಗಿಲ್ಲ; ಪಾಕದ ಅಳತೆಯನ್ನು ನೋಡಿ ನೇರವಾಗಿ ಘಟಕಕ್ಕೆ ಬರೆಯಬಹುದು. ಇದನ್ನೇ ನೇರ ವೆಚ್ಚ ಎನ್ನುತ್ತಾರೆ. ಕೇಂದ್ರ, ಚಾಲಕಗಳ ಗೊಡವೆಯೆಲ್ಲ ಬರುವುದು ಹಾಗೆ ನೇರವಾಗಿ ಬರೆಯಲಾಗದ ಆ 1,38,000ಕ್ಕಾಗಿ.

ಮೂರನೆಯ ಹೆಜ್ಜೆ: ಚಾಲಕವನ್ನು ಹುಡುಕುವುದು

ಮೂರರಲ್ಲಿ ಹೆಚ್ಚು ವಿವೇಚನೆ ಬೇಕಾಗುವುದು ಇಲ್ಲಿಯೇ. ಕೇಂದ್ರವನ್ನು ಕಣ್ಣಿನಿಂದ ನೋಡಬಹುದು, ಘಟಕವನ್ನು ಕೈಯಲ್ಲಿ ಹಿಡಿಯಬಹುದು, ಆದರೆ ಚಾಲಕವನ್ನು ತರ್ಕದಿಂದಲೇ ಗುರುತಿಸಬೇಕು. ಪ್ರತಿಯೊಂದು ಕೇಂದ್ರದ ಮುಂದೆ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಏನು ಹೆಚ್ಚಾದರೆ ಇಲ್ಲಿಯ ಕೆಲಸ ಹೆಚ್ಚುತ್ತದೆ?

ಹಿಟ್ಟು ಕಲಸುವ ಜಾಗದಲ್ಲಿ ಯಂತ್ರದ ಪಾತ್ರೆಗೆ ಸಾಮಗ್ರಿ ತುಂಬುವುದು, ಕಲಸುವುದು, ತೆಗೆಯುವುದು, ತೊಳೆಯುವುದು ಪ್ರತಿ ಬ್ಯಾಚಿಗೂ ಒಮ್ಮೆ ನಡೆಯುತ್ತವೆ. ಪಾತ್ರೆ ತುಂಬ ಹಿಟ್ಟಿದ್ದರೂ ಅರ್ಧವೇ ಇದ್ದರೂ ಶ್ರಮದಲ್ಲಿ ದೊಡ್ಡ ಅಂತರವಿಲ್ಲ. ಆದ್ದರಿಂದ ಇಲ್ಲಿಯ ಚಾಲಕ ಬ್ಯಾಚುಗಳ ಸಂಖ್ಯೆ. ತಿಂಗಳಿಗೆ ಬ್ರೆಡ್‌ಗೆ 120 ಬ್ಯಾಚ್, ಎರಡೆರಡು ಕೇಕ್‌ಗೆ ಒಂದು ಬ್ಯಾಚಿನಂತೆ 60 ಬ್ಯಾಚ್, ಒಟ್ಟು 180. ಕೇಂದ್ರದ 36,000ವನ್ನು 180ರಿಂದ ಭಾಗಿಸಿದರೆ ಬ್ಯಾಚಿಗೆ 200. ಒಂದು ಬ್ರೆಡ್‌ನ ಪಾಲು 4, ಒಂದು ಕೇಕ್‌ನ ಪಾಲು 100.

ಓವನ್‌ನ ಚಾಲಕ ಅದು ಕೆಲಸ ಮಾಡಿದ ಗಂಟೆ. ಬ್ರೆಡ್‌ನ ಒಂದು ಬ್ಯಾಚು ಅರ್ಧ ಗಂಟೆ ಹಿಡಿಯುತ್ತದೆ. ಕೇಕ್ ಬೇಯುವುದು ಬ್ರೆಡ್‌ಗಿಂತ ಕಡಿಮೆ ಉಷ್ಣತೆಯಲ್ಲಾದ್ದರಿಂದ ಓವನ್ ಆ ಮಟ್ಟಕ್ಕೆ ಇಳಿಯುವವರೆಗೆ ಕಾಯಬೇಕು. ಆ ಕಾಯುವಿಕೆಯೂ ಸೇರಿ ಕೇಕ್‌ನ ಒಂದು ಬ್ಯಾಚಿಗೆ ಒಂದು ಗಂಟೆ ಹೋಗುತ್ತದೆ. ಹೀಗೆ ಬ್ರೆಡ್‌ಗೆ 60 ಗಂಟೆ, ಕೇಕ್‌ಗೂ 60 ಗಂಟೆ. 48,000ವನ್ನು 120ರಿಂದ ಭಾಗಿಸಿದರೆ ಗಂಟೆಗೆ 400. ಅರ್ಧ ಗಂಟೆಯ 200ವನ್ನು 50 ಬ್ರೆಡ್‌ಗೆ ಹಂಚಿದರೆ ಒಂದಕ್ಕೆ 4. ಒಂದು ಗಂಟೆಯ 400ವನ್ನು ಎರಡು ಕೇಕ್‌ಗೆ ಹಂಚಿದರೆ ಒಂದಕ್ಕೆ 200. ದಿನಕ್ಕೆ ನಾಲ್ಕೇ ನಾಲ್ಕು ಕೇಕ್‌ಗಳು ಇನ್ನೂರು ಬ್ರೆಡ್‌ಗಳಷ್ಟೇ ಹೊತ್ತು ಓವನ್ ಹಿಡಿದಿಡುತ್ತವೆ ಎಂಬ ಸಂಗತಿ ಸಾಮಗ್ರಿಯ ಬಿಲ್ಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಅಲಂಕಾರದ ಮೇಜಿನ ಚಾಲಕ ಅಲ್ಲಿ ಕಳೆದ ಸಮಯ. ಸಾದಾ ಕೇಕ್‌ಗೆ ಅರ್ಧ ಗಂಟೆ, ವಿಶೇಷ ಕೇಕ್‌ಗೆ ಎರಡು ಗಂಟೆ ಎಂದು ಹಿಡಿದರೆ 40 ಮತ್ತು 80, ಒಟ್ಟು 120 ಗಂಟೆ. 30,000ವನ್ನು ಭಾಗಿಸಿದರೆ ಗಂಟೆಗೆ 250. ಸಾದಾ ಕೇಕ್‌ಗೆ 125, ವಿಶೇಷ ಕೇಕ್‌ಗೆ 500. ಬ್ರೆಡ್ ಈ ಮೇಜಿನ ಹತ್ತಿರವೂ ಸುಳಿಯದ ಕಾರಣ ಅದರ ಪಾಲು ಸೊನ್ನೆ.

ಕೌಂಟರಿನಲ್ಲಿ ಒಂದೇ ಚಾಲಕ ಸಾಲದು, ಏಕೆಂದರೆ ಅಲ್ಲಿ ಎರಡು ಬಗೆಯ ಕೆಲಸ ನಡೆಯುತ್ತದೆ. ಒಂದು ವಾರ ಗಮನಿಸಿದಾಗ ಕೌಂಟರಿನವರ ಸಮಯದಲ್ಲಿ ಕಾಲು ಭಾಗ ಕೇಕ್ ಆರ್ಡರುಗಳಿಗೂ ಉಳಿದ ಮುಕ್ಕಾಲು ಭಾಗ ಬ್ರೆಡ್ ಮಾರಾಟಕ್ಕೂ ಹೋಗುತ್ತದೆಂದು ಕಂಡುಬಂದಿತೆನ್ನೋಣ. ಆಗ 24,000ದಲ್ಲಿ 6,000ವನ್ನು ಆರ್ಡರುಗಳ ಸಂಖ್ಯೆಯಿಂದ ಭಾಗಿಸಿ ಒಂದು ಆರ್ಡರಿಗೆ 50 ಎಂದು ಬರೆಯಬೇಕು. ಉಳಿದ 18,000ದ ಚಾಲಕ ಬಿಲ್ಲುಗಳ ಸಂಖ್ಯೆ. ತಿಂಗಳಿಗೆ 4,500 ಬಿಲ್ಲುಗಳಾದರೆ ಬಿಲ್ಲಿಗೆ 4. ಆ ಬಿಲ್ಲುಗಳಲ್ಲಿ 6,000 ಬ್ರೆಡ್ ಮಾರಾಟವಾದ್ದರಿಂದ ಬ್ರೆಡ್ ಒಂದಕ್ಕೆ 3. ಒಂದು ಕೇಂದ್ರಕ್ಕೆ ಒಂದಕ್ಕಿಂತ ಹೆಚ್ಚು ಚಾಲಕಗಳಿರಬಹುದು ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಕೇಂದ್ರವೂ ಚಾಲಕವೂ ಒಂದೇ ಎಂದು ಗೊಂದಲ ಮಾಡಿಕೊಂಡವರಿಗೆ ಇದು ಹೊಳೆಯುವುದೇ ಇಲ್ಲ.

ಬಾಡಿಗೆಯನ್ನು ಚದರಡಿಯ ಮೇಲೆ ಹಂಚಿದೆವಲ್ಲ, ಹಾಗಾದರೆ ಚದರಡಿಯೂ ಚಾಲಕವೇ ಎಂದು ಯಾರಾದರೂ ಕೇಳಬಹುದು. ಕಟ್ಟುನಿಟ್ಟಾಗಿ ಹೇಳುವುದಾದರೆ ಅಲ್ಲ. ಅಲಂಕಾರದ ಮೇಜನ್ನು ಇನ್ನೊಂದು 50 ಚದರಡಿ ಹಿಗ್ಗಿಸಿ ಕೌಂಟರನ್ನು ಅಷ್ಟೇ ಕುಗ್ಗಿಸಿದರೆ ಮಾಲೀಕರು ತೆರುವ ಬಾಡಿಗೆ ಕಿಂಚಿತ್ತೂ ಬದಲಾಗುವುದಿಲ್ಲ. ಚದರಡಿ ಒಂದು ನ್ಯಾಯವಾದ ಹಂಚಿಕೆಯ ಆಧಾರ, ಅಷ್ಟೆ. ಖರ್ಚನ್ನು ಹುಟ್ಟಿಸುವ ಕಾರಣವಲ್ಲ. ಓವನ್ ಗಂಟೆಯಾದರೋ ಕನಿಷ್ಠಪಕ್ಷ ಇಂಧನವನ್ನು ನಿಜವಾಗಿಯೂ ಉರಿಸುತ್ತದೆ. ಪರೀಕ್ಷೆಗಳಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಅಂಕ ಹೋಗಲಿಕ್ಕಿಲ್ಲ, ಆದರೆ ತೀರ್ಮಾನ ಕೈಗೊಳ್ಳುವಾಗ ಈ ಭೇದ ಮರೆತರೆ ಹಣ ಹೋಗುತ್ತದೆ.

ನಾಲ್ಕನೆಯ ಹೆಜ್ಜೆ: ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಡುವುದು

ಸಾಮಗ್ರಿಯ ಎರಡರಷ್ಟು ಎಂಬ ಹಳೆಯ ಸೂತ್ರಕ್ಕೆ ಈಗ ಹಿಂತಿರುಗೋಣ. 6,000 ಬ್ರೆಡ್‌ಗೆ 15ರಂತೆ 90,000, 120 ಕೇಕ್‌ಗೆ 400ರಂತೆ 48,000, ಒಟ್ಟು ಸಾಮಗ್ರಿ ಖರ್ಚು 1,38,000. ಪರೋಕ್ಷ ಖರ್ಚೂ ಅಷ್ಟೇ ಇರುವುದರಿಂದ ಒಟ್ಟಾರೆ ನೋಡಿದರೆ ಸೂತ್ರ ತಪ್ಪಿಲ್ಲ. ಆ ಪ್ರಕಾರ ಬ್ರೆಡ್‌ನ ವೆಚ್ಚ 30, ಯಾವ ಕೇಕ್ ಆದರೂ 800. ಬ್ರೆಡ್ಡನ್ನು 32ಕ್ಕೂ ಕೇಕನ್ನು 1,000ಕ್ಕೂ ಮಾರುತ್ತಿದ್ದರೆ, ಬ್ರೆಡ್‌ನಲ್ಲಿ ಬರಿ 2 ಉಳಿಯುತ್ತದೆ, ಕೇಕ್‌ನಲ್ಲಿ 200 ಉಳಿಯುತ್ತದೆ ಎಂದು ಮಾಲೀಕರು ನಂಬಿರುತ್ತಾರೆ. ಬ್ರೆಡ್ ಕಡಿಮೆ ಮಾಡಿ ಕೇಕ್ ಹೆಚ್ಚಿಸಬೇಕೆಂಬ ಯೋಚನೆ ಹುಟ್ಟುವುದು ಇಲ್ಲಿಂದಲೇ.

ಚಾಲಕಗಳ ಮೂಲಕ ಬಂದ ಲೆಕ್ಕ ಬೇರೆಯದೇ ಮಾತು ಹೇಳುತ್ತದೆ. ಬ್ರೆಡ್‌ಗೆ ಸಾಮಗ್ರಿ 15, ಕಲಸುವಿಕೆ 4, ಓವನ್ 4, ಕೌಂಟರ್ 3, ಒಟ್ಟು 26. ಸಾದಾ ಕೇಕ್‌ಗೆ ಸಾಮಗ್ರಿ 400, ಕಲಸುವಿಕೆ 100, ಓವನ್ 200, ಅಲಂಕಾರ 125, ಆರ್ಡರ್ 50, ಒಟ್ಟು 875. ವಿಶೇಷ ಕೇಕ್‌ನಲ್ಲಿ ಅಲಂಕಾರ ಮಾತ್ರ 500ಕ್ಕೆ ಏರಿ ಒಟ್ಟು 1,250. ಬ್ರೆಡ್‌ನ ನಿಜವಾದ ಉಳಿಕೆ 2 ಅಲ್ಲ, 6. ಸಾದಾ ಕೇಕ್‌ನಲ್ಲಿ ಉಳಿಯುವುದು 125. ವಿಶೇಷ ಕೇಕ್ ಒಂದೊಂದರಲ್ಲೂ 250 ಕೈಬಿಡುತ್ತಿದೆ. ಬ್ರೆಡ್‌ಗಳ ಪಾಲಿಗೆ ಬಂದ ಪರೋಕ್ಷ ಖರ್ಚು 66,000, ಸಾದಾ ಕೇಕ್‌ಗಳದು 38,000, ವಿಶೇಷ ಕೇಕ್‌ಗಳದು 34,000; ಕೂಡಿದರೆ ಅದೇ 1,38,000. ಒಟ್ಟು ಖರ್ಚು ಒಂದಿಷ್ಟೂ ಬದಲಾಗಿಲ್ಲ. ಮೊದಲು ಬ್ರೆಡ್ ಕೊಳ್ಳುವವರ ಲೆಕ್ಕದಲ್ಲಿ ಅಡಗಿದ್ದ ಖರ್ಚು ಈಗ ಅದನ್ನು ಹುಟ್ಟಿಸಿದ ಕೇಕ್‌ನ ಲೆಕ್ಕಕ್ಕೆ ಮರಳಿದೆ. ಹೆಚ್ಚು ಸಂಖ್ಯೆಯಲ್ಲಿ ತಯಾರಾಗುವ ಸರಳ ಸರಕಿನ ಮೇಲೆ ಅತಿಯಾಗಿಯೂ, ಕಡಿಮೆ ಸಂಖ್ಯೆಯ ತೊಡಕಿನ ಸರಕಿನ ಮೇಲೆ ತೀರ ಕಡಿಮೆಯಾಗಿಯೂ ಹೊರೆ ಬೀಳುವ ಈ ದೋಷವನ್ನು ದೊಡ್ಡ ಕಾರ್ಖಾನೆಗಳ ಸಂದರ್ಭದಲ್ಲಿ 1980ರ ದಶಕದಲ್ಲಿ ಲೆಕ್ಕಶಾಸ್ತ್ರದ ವಿದ್ವಾಂಸರಾದ ರಾಬಿನ್ ಕೂಪರ್ ಮತ್ತು ರಾಬರ್ಟ್ ಕ್ಯಾಪ್ಲನ್ ವಿವರವಾಗಿ ಚರ್ಚಿಸಿದರು; ಚಟುವಟಿಕೆ ಆಧಾರಿತ ವೆಚ್ಚ ನಿರ್ಧಾರ ಎಂಬ ವಿಧಾನ ಹೆಸರುವಾಸಿಯಾದದ್ದು ಆಗ.

ಐದನೆಯ ಹೆಜ್ಜೆ: ದರವನ್ನು ಎಚ್ಚರದಿಂದ ಬಳಸುವುದು

ಬ್ಯಾಚಿಗೆ 200, ಓವನ್ ಗಂಟೆಗೆ 400 ಎಂಬಂಥ ಚಾಲಕದ ದರ ಕೈಗೆ ಬಂದ ಮೇಲೆ ಎರಡು ಕಡೆ ಜಾಗ್ರತೆ ಬೇಕು. ಮೊದಲನೆಯದು ವ್ಯಾಪಾರ ಕುಗ್ಗಿದ ತಿಂಗಳಿನದು. ಓವನ್ ಆ ತಿಂಗಳು 96 ಗಂಟೆ ಮಾತ್ರ ನಡೆದು, ಸಂಬಳ, ಸವಕಳಿ, ಬಾಡಿಗೆಗಳ ಕಾರಣದಿಂದ ಖರ್ಚು ಹೆಚ್ಚುಕಡಿಮೆ 48,000ದಲ್ಲೇ ಉಳಿದರೆ, ಗಂಟೆಯ ದರ 500ಕ್ಕೆ ಏರುತ್ತದೆ. ಬ್ರೆಡ್ ದುಬಾರಿಯಾಗಿದೆ ಎಂದು ಲೆಕ್ಕ ಹೇಳುತ್ತದೆ. ಅದನ್ನು ನಂಬಿ ಬೆಲೆ ಏರಿಸಿದರೆ ಮಾರಾಟ ಮತ್ತಷ್ಟು ಇಳಿದು ಮುಂದಿನ ತಿಂಗಳ ದರ ಇನ್ನೂ ಏರುತ್ತದೆ. ವಾಸ್ತವವಾಗಿ ಬ್ರೆಡ್ ಬೇಯಲು ಹಿಡಿದ ಸಮಯ ಅದೇ ಅರ್ಧ ಗಂಟೆ. ದರವನ್ನು ಸಾಮಾನ್ಯ ತಿಂಗಳೊಂದರ 120 ಗಂಟೆಯ ಮೇಲೆಯೇ, ಅಂದರೆ 400ರಲ್ಲಿಯೇ ಇಟ್ಟು, ಬಳಕೆಯಾಗದ 24 ಗಂಟೆಗಳ 9,600ವನ್ನು ಓವನ್ ಖಾಲಿ ನಿಂತದ್ದರ ವೆಚ್ಚವೆಂದು ಪ್ರತ್ಯೇಕವಾಗಿ ತೋರಿಸುವುದು ಸರಿಯಾದ ಕ್ರಮ. ಅದು ಯಾವ ಘಟಕದ ತಪ್ಪೂ ಅಲ್ಲ. ಒಂದು ಸರಕಿನ ವೆಚ್ಚ ಪಾಕವಾಗಲಿ ಕೆಲಸದ ಕ್ರಮವಾಗಲಿ ಬದಲಾಗದೆಯೇ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತಿದ್ದರೆ ಈ ದೋಷ ನುಸುಳಿದೆಯೇ ಎಂದು ಮೊದಲು ನೋಡಬೇಕು.

ಎರಡನೆಯದು, ನಷ್ಟ ತೋರಿಸುವ ವಿಶೇಷ ಕೇಕನ್ನು ಕೂಡಲೇ ನಿಲ್ಲಿಸಿಬಿಡುವ ಆತುರ. ಒಂದು ವಿಶೇಷ ಕೇಕ್ ಬಿಟ್ಟರೆ 1,250 ಉಳಿತಾಯವಾಗುವುದಿಲ್ಲ. ಸಾಮಗ್ರಿಯ 400 ಉಳಿಯುತ್ತದೆ, ಇಂಧನದಲ್ಲಿ ಸ್ವಲ್ಪ ಉಳಿಯುತ್ತದೆ. ಬಾಡಿಗೆ, ಸವಕಳಿ, ಅಲಂಕಾರ ಮಾಡುವವರ ತಿಂಗಳ ಸಂಬಳ ಹಾಗೆಯೇ ಇರುತ್ತವೆ. ನಲವತ್ತು ವಿಶೇಷ ಕೇಕ್‌ಗಳನ್ನೂ ಕೈಬಿಟ್ಟು, ಬಿಡುವಾದ 80 ಗಂಟೆಗಳಲ್ಲಿ ಸಾದಾ ಕೇಕ್‌ಗಳ ಆರ್ಡರ್ ಹಿಡಿಯಲಾಗದಿದ್ದರೆ, ಲಾಭ ಹೆಚ್ಚುವ ಬದಲು ಕಡಿಮೆಯಾಗುವ ಸಾಧ್ಯತೆಯೇ ಹೆಚ್ಚು. ಚಾಲಕದ ದರ ಹೇಳುವುದು ಯಾವ ಕೆಲಸ ಎಷ್ಟು ಸಾಮರ್ಥ್ಯವನ್ನು ಬಳಸಿತು ಎಂಬುದನ್ನು. ನಾಳೆ ಅದನ್ನು ನಿಲ್ಲಿಸಿದರೆ ಜೇಬಿನಿಂದ ಹೋಗದೆ ಉಳಿಯುವ ಹಣ ಎಷ್ಟು ಎಂಬುದು ಪ್ರತ್ಯೇಕವಾಗಿ ಕೇಳಬೇಕಾದ ಪ್ರಶ್ನೆ.

ಇಲ್ಲಿ ಹೆಚ್ಚು ಉಪಯುಕ್ತವಾದದ್ದು ಬೆಲೆಯ ರಚನೆಯನ್ನೇ ಚಾಲಕಕ್ಕೆ ಹೊಂದಿಸುವುದು. ಯಾವ ಕೇಕ್ ಆದರೂ ಸಾಮಗ್ರಿ, ಕಲಸುವಿಕೆ, ಓವನ್, ಆರ್ಡರ್ ಸೇರಿ 750 ಆಗುತ್ತದೆ. ಅದರ ಮೇಲೆ ಅಲಂಕಾರದ ಪ್ರತಿ ಗಂಟೆಗೆ 250 ಸೇರುತ್ತದೆ. ಅಂದರೆ 1,000ದ ಈಗಿನ ಬೆಲೆಯಲ್ಲಿ ಒಂದು ಗಂಟೆಯ ಅಲಂಕಾರಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಗ್ರಾಹಕರು ವಿನ್ಯಾಸ ತೋರಿಸಿದಾಗ ಅದಕ್ಕೆ ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ ಎಂದು ಕಂಡರೆ, ಹೆಚ್ಚುವರಿ ಅರ್ಧ ಗಂಟೆಗೆ ಕನಿಷ್ಠ 125ರಂತೆ ಸೇರಿಸಿ ಬೆಲೆ ಹೇಳಬಹುದು. ಇದಕ್ಕಾಗಿ ಅಲಂಕಾರದ ಮೇಜಿನ ಪಕ್ಕದಲ್ಲಿ ಒಂದು ಹಾಳೆ ಇಟ್ಟು, ಪ್ರತಿ ಆರ್ಡರಿನ ಎದುರು ಕೆಲಸ ಶುರುವಾದ ಮತ್ತು ಮುಗಿದ ಹೊತ್ತನ್ನು ಬರೆಯುತ್ತಾ ಬಂದರೆ ಸಾಕು.